ಹುಣಸೆಯ ಹುಳಿಯೂ ಹಿತ್ತಾಳೆಯ ಕೆಂಪೂ

ಹಬ್ಬದ ಮುನ್ನಾದಿನ ಹಿತ್ತಾಳೆಯ ದೀಪದ ಕಂಬವನ್ನು ಹುಣಸೆನೀರಿನಲ್ಲಿ ಮುಳುಗಿಸಿಟ್ಟು ಮಲಗಿದ ಓದುಗರೊಬ್ಬರು, ಬೆಳಗಾಗುವಷ್ಟರಲ್ಲಿ ಅದು ಹೊಂಬಣ್ಣವನ್ನು ಕಳೆದುಕೊಂಡು ಅಲ್ಲಲ್ಲಿ ತಾಮ್ರದಂತೆ ಕೆಂಪಾಗಿರುವುದನ್ನು ಕಂಡು, ಅಂಗಡಿಯವನು ತಾಮ್ರದ ಮೇಲೆ ಹಿತ್ತಾಳೆಯ ಲೇಪ ಕೊಟ್ಟು ವಂಚಿಸಿದನೇ ಎಂದು ಕೇಳಿದ್ದಾರೆ. ಅಂಗಡಿಯವನು ನಿರ್ದೋಷಿ; ಆ ಕೆಂಪು ಹಿತ್ತಾಳೆಯೊಳಗೆ ಮೊದಲಿನಿಂದಲೂ ಇದ್ದುದೇ.

ಗಾಳಿಯ ಆಮ್ಲಜನಕದೊಡನೆ ಕೂಡಿ ತಾಮ್ರವು ಮೊದಲು ಕಂದಾಗಿ ಬಳಿಕ ಕಪ್ಪಾಗುತ್ತದೆ; ತೇವವೂ ಇಂಗಾಲಾಮ್ಲವೂ ಸೇರಿದರೆ ಹಸಿರು ಕಿಲುಬು ಹುಟ್ಟುತ್ತದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಇವೆರಡೂ ಈ ಕಪ್ಪನ್ನೂ ಕಿಲುಬನ್ನೂ ಬೇಗನೆ ಕರಗಿಸಿಬಿಡುವುವು. ಅಡಿಯ ತಾಮ್ರವನ್ನಾದರೋ ಅಲ್ಪಕಾಲದಲ್ಲಿ ಮುಟ್ಟಲಾರವು. ಮಲವನ್ನು ಕಳೆದು ಲೋಹವನ್ನು ಉಳಿಸುವ ಈ ವಿವೇಕವೇ ಅವುಗಳ ಗುಣ. ಇವೆರಡನ್ನೂ ಶುದ್ಧರೂಪದಲ್ಲಿ ಬೇರ್ಪಡಿಸಿದವನು ಒಬ್ಬನೇ ಎಂಬುದು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ನನಗೆ ಬಹುಪ್ರಿಯವಾದ ಸಂಗತಿ: ಸ್ವೀಡನ್ನಿನ ಔಷಧವಿಕ್ರೇತ ಕಾರ್ಲ್ ಶೀಲೆ, 1769ರಲ್ಲಿ ದ್ರಾಕ್ಷಾಮದ್ಯದ ಪೀಪಾಯಿಗಳ ಒಳಮೈಗೆ ಕಟ್ಟುವ ಕಲ್ಕದಿಂದ ಮೊದಲನೆಯದನ್ನೂ, 1784ರಲ್ಲಿ ನಿಂಬೆಯ ರಸದಿಂದ ಎರಡನೆಯದನ್ನೂ ಪಡೆದನು. ನಮ್ಮ ಅಡುಗೆಮನೆಯ ಹುಣಸೆಯನ್ನು ಆತನು ಕಂಡಿದ್ದರೆ ಪೀಪಾಯಿಗಳನ್ನು ಕೆರೆಯುವ ಶ್ರಮ ತಪ್ಪುತ್ತಿತ್ತೋ ಏನೋ!

ಹಿತ್ತಾಳೆಯ ವಿಷಯ ಬೇರೆ. ಅದು ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಾಮ್ರವು ಹುಳಿಗೆ ಸುಲಭವಾಗಿ ಜಗ್ಗದಿದ್ದರೂ ಸತುವು ಜಗ್ಗುತ್ತದೆ. ಹುಳಿಯಲ್ಲಿ ಬಹುಕಾಲ ಬಿಟ್ಟರೆ ಮೇಲ್ಮೈಯ ಸತುವು ಮೆಲ್ಲಮೆಲ್ಲನೆ ಕರಗಿ ನೀರಿಗೆ ಇಳಿದುಹೋಗಿ, ಜೇನನ್ನೆಲ್ಲ ಸುರಿಸಿಕೊಂಡ ಬಳಿಕ ಮೇಣದ ಹುಟ್ಟಿಯು ತನ್ನ ಆಕಾರವನ್ನು ಹೊತ್ತುಕೊಂಡೇ ಟೊಳ್ಳಾಗಿ ಉಳಿಯುವಂತೆ, ಸೂಕ್ಷ್ಮರಂಧ್ರಗಳಿಂದ ತುಂಬಿದ ಕೆಂಪು ತಾಮ್ರವೊಂದೇ ಅಲ್ಲಿ ಉಳಿಯುತ್ತದೆ. ಓದುಗರು ಕಂಡದ್ದು ಇದನ್ನೇ. ಕೆಂಪು ತೆಳುವಾಗಿದ್ದರೆ ನಯವಾದ ಬೂದಿಯಿಂದ ಕೆಲಕಾಲ ಉಜ್ಜಿದಾಗ ಅದು ಸವೆದು ಹಳದಿ ಮರಳುವುದು. ಉಗುರಿಗೆ ಹಳ್ಳ ತಗಲುವಷ್ಟು ಆಳಕ್ಕೆ ಇಳಿದಿದ್ದರೆ ಕಂಚುಗಾರರ ಕೈಗೇ ಒಪ್ಪಿಸಬೇಕು.

ಆದುದರಿಂದ ಹುಳಿಯಲ್ಲಿ ನೆನೆಹಾಕುವ ಪದ್ಧತಿಯನ್ನೇ ಬಿಡಬೇಕು. ನಿಂಬೆಗಾತ್ರದ ಹುಣಸೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಿವುಚಿ, ಆ ತಿರುಳನ್ನು ತೆಂಗಿನ ನಾರಿನಿಂದಲೋ ಬಟ್ಟೆಯಿಂದಲೋ ಹಚ್ಚಿ ಉಜ್ಜಿ, ಎರಡು ಮೂರು ನಿಮಿಷದೊಳಗೆ ತೊಳೆದುಬಿಡಬೇಕು. ಕಪ್ಪು ಉಳಿದರೆ ಮತ್ತೊಮ್ಮೆ ಹಚ್ಚಬಹುದೇ ಹೊರತು ಹಾಗೆಯೇ ಬಿಡಬಾರದು. ಕಬ್ಬಿಣದ ನಾರು ಬೇಡ. ಲೋಹವನ್ನು ಗೀರುವುದಲ್ಲದೆ, ಹುಳಿಯಲ್ಲಿ ಕರಗಿದ ತಾಮ್ರವು ಕಬ್ಬಿಣದ ಸಂಪರ್ಕದಿಂದ ಮತ್ತೆ ಲೋಹವಾಗಿ ಹಿತ್ತಾಳೆಯ ಮೇಲೆ ಕುಳಿತು ಇನ್ನಷ್ಟು ಕೆಂಪು ಮಾಡೀತು.

ಬೂದಿಯನ್ನು ಹುಣಸೆಯೊಡನೆಯೇ ಕಲಸುವ ರೂಢಿ ಅನೇಕ ಮನೆಗಳಲ್ಲಿದೆ. ಸೌದೆಯ ಬೂದಿ ಕ್ಷಾರ, ಹುಣಸೆ ಆಮ್ಲ; ಎರಡೂ ಬೆರೆತಾಗ ಬುರುಗೆದ್ದು ಒಂದರ ಶಕ್ತಿಯನ್ನು ಇನ್ನೊಂದು ನುಂಗಿಬಿಡುವುದರಿಂದ ಉಳಿಯುವುದು ಉಜ್ಜುವ ಪುಡಿಯಷ್ಟೆ. ಅವನ್ನು ಸರದಿಯಲ್ಲಿ ಬಳಸುವುದು ಲೇಸು. ಮೊದಲು ತೆಳುಬಟ್ಟೆಯಲ್ಲಿ ಸೋಸಿದ ಬೂದಿಯನ್ನು ನೀರಿನಲ್ಲಿ ಕಲಸಿ ದೀಪದ ಎಣ್ಣೆಜಿಡ್ಡಿಗೆ ಹಚ್ಚಿದರೆ ಕ್ಷಾರವು ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಜಿಡ್ಡು ಹೋದ ಮೇಲಲ್ಲದೆ ಹುಳಿ ಲೋಹವನ್ನು ತಲುಪುವುದೇ ಇಲ್ಲ. ಹುಣಸೆಯ ಸರದಿ ಮುಗಿದು ತೊಳೆದಾದ ಬಳಿಕ ಚಿಟಿಕೆ ಬೂದಿ ಕದಡಿದ ನೀರನ್ನು ಸುರಿದರೆ ಸಂದುಗಳಲ್ಲಿ ಉಳಿದ ಹುಳಿ ಶಮನವಾಗುವುದು. ಆಮೇಲೆ ಚೆನ್ನಾಗಿ ತೊಳೆದು, ಒಣಬಟ್ಟೆಯಿಂದ ಕೂಡಲೇ ಒರೆಸಬೇಕು. ಇದ್ದಿಲುಗಲ್ಲಿನ ಬೂದಿ, ಮರಳು, ಇಟ್ಟಿಗೆಪುಡಿಗಳು ಹಿತ್ತಾಳೆಗಿಂತ ಗಡಸಾದ ಕಣಗಳಿಂದ ಗೀರುಗಳನ್ನು ಮಾಡುವುವು. ಆ ಗೀರುಗಳಲ್ಲಿ ನೀರು ನಿಂತು ಮುಂದಿನ ಕಿಲುಬು ಅಲ್ಲಿಂದಲೇ ಮೊದಲಾಗುತ್ತದೆ.

ನಿಂಬೆಹೋಳಿನ ಮೇಲೆ ಉಪ್ಪು ಉದುರಿಸಿ ಉಜ್ಜಿದರೆ ತಾಮ್ರದ ಕಪ್ಪು ಕಣ್ಣೆದುರೇ ಮಾಯವಾಗುವುದು ನಿಜ. ಉಪ್ಪು ಹುಳಿಯ ಕೆಲಸಕ್ಕೆ ಬಲ ಕೊಡುತ್ತದೆ. ಆದರೆ ಉದ್ಧರಣೆಯ ಹಿಡಿಯ ತಿರುವಿನಲ್ಲೋ ಪಂಚಪಾತ್ರೆಯ ಅಂಚಿನ ಮಡಿಕೆಯಲ್ಲೋ ಉಪ್ಪು ಉಳಿದುಹೋದರೆ ಕೆಲವೇ ದಿನಗಳಲ್ಲಿ ಅಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ. ಕಿಲುಬು ವಿಷ, ಹುಳಿಯಲ್ಲಿ ಕರಗಿದ ತಾಮ್ರ ಹೊಟ್ಟೆ ಸೇರಿದರೆ ವಾಕರಿಕೆ, ವಾಂತಿ ಆಗುವುವು. ತೊಳೆದ ಪಾತ್ರೆಯಲ್ಲಿ ತುಳಸೀದಳದ ನೀರನ್ನು ಅಭಿಷೇಕದ ಹೊತ್ತಿಗೆ ತುಂಬಿ ತೀರ್ಥವಾಗಿ ಕೊಡುವುದರಲ್ಲಿ ಭಯವಿಲ್ಲ. ಮೊಸರು ಸೇರಿದ ಪಂಚಾಮೃತವನ್ನು ಮಾತ್ರ ತಾಮ್ರದಲ್ಲಾಗಲಿ ಹಿತ್ತಾಳೆಯಲ್ಲಾಗಲಿ ಇಡದೆ, ಬೆಳ್ಳಿಯ ಅಥವಾ ಸ್ಟೀಲಿನ ಬಟ್ಟಲಿನಲ್ಲಿ ಕಲಸತಕ್ಕದ್ದು.