ಉಬ್ಬದ ಹಿಟ್ಟಿಗೊಂದು ಶೀರ್ಷಿಕೆ

ಧಾರವಾಡದಲ್ಲಿರುವ ನಮ್ಮ ಅತ್ತಿಗೆ ಅಡುಗೆ ಬಗ್ಗೆ ಅಂತರ್ಜಾಲಕ್ಕೆ ಬರೆಯುತ್ತಾರೆ. ಜನವರಿಯ ಒಂದು ದಿನ ಫೋನ್ ಮಾಡಿದರು. ಥಂಡಿಗೆ ದೋಸೆ ಹಿಟ್ಟು ಉಬ್ಬುವುದಿಲ್ಲವಲ್ಲ, ಅದರ ಮೇಲೆ ಒಂದು ಲೇಖನ ಬರೆಯಬೇಕೆಂದು ಕೂತಿದ್ದರಂತೆ. ಗೂಗಲ್‌ನಲ್ಲಿ ಹುಡುಕಿ ನೋಡಿದ ಮೇಲೆ ಕೈಬಿಟ್ಟಿದ್ದರು. "ಎಲ್ಲಾರೂ ಬರದ್ ಬಿಟ್ಟಾರ, ಇನ್ನ ನಾ ಏನ್ ಬರೀಲಿ?"

ಪತ್ರಿಕೆಯಲ್ಲಿ ಹಲವು ವರ್ಷ ತಲೆಬರಹ ಕೊಟ್ಟ ಕೈ ನನ್ನದು. ಎಲ್ಲರೂ ಬರೆದಿದ್ದಾರೆ ಅನ್ನುವ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಎಲ್ಲರೂ ಬರೆದಿರಬಹುದು, ಆದರೆ ಸಾಮಾನ್ಯವಾಗಿ ಒಂದನ್ನೇ ಬರೆದಿರುತ್ತಾರೆ. ಸಂಜೆ ಇಬ್ಬರೂ ಫೋನಿನಲ್ಲೇ ಕೂತೆವು. ಅವರ ಮುಂದೆ ಒಂದು ಹಾಳೆ, ನನ್ನ ಮುಂದೆ ಒಂದು ಹಾಳೆ.

ಮೊದಲು ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆಯಲು ಹೇಳಿದೆ. ದಿನವೂ ಅಡುಗೆಯನ್ನೇ ಹುಡುಕುವವರಿಗೆ ಅವರ ಹಳೆಯ ಹುಡುಕಾಟದ ನೆರಳು ಫಲಿತಾಂಶದ ಮೇಲೆ ಬೀಳಬಹುದು, ತಮ್ಮದೇ ಪುಟ ಮೇಲೆ ಕಂಡು ಖುಷಿಪಡುವ ಅಪಾಯವೂ ಉಂಟು. ಖಾಸಗಿ ಕಿಟಕಿಯಲ್ಲೂ ನಾವಿರುವ ಊರು ಗೂಗಲ್‌ಗೆ ತಿಳಿದೇ ಇರುತ್ತದೆ. ಹಾಗಾಗಿ ಧಾರವಾಡದಲ್ಲಿ ಅವರು ಕಂಡ ಪುಟಕ್ಕೂ ಬೆಂಗಳೂರಿನಲ್ಲಿ ನಾನು ಕಂಡ ಪುಟಕ್ಕೂ ಒಂದೆರಡು ಕಡೆ ವ್ಯತ್ಯಾಸವಿತ್ತು. ಅದೇನೂ ತೊಂದರೆಯಲ್ಲ. ಎರಡರಲ್ಲೂ ಇದ್ದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆವು.

ಹುಡುಕಿದ ಮಾತು "ದೋಸೆ ಹಿಟ್ಟು ಉಬ್ಬಿಲ್ಲ". ಜಾಹೀರಾತುಗಳನ್ನು ಬಿಟ್ಟು, ಕೆಳಗಿನ ಶೀರ್ಷಿಕೆಗಳನ್ನು ಒಂದೂ ಅಕ್ಷರ ಬಿಡದೆ ಬರೆದುಕೊಳ್ಳಿ ಎಂದೆ. ಕಣ್ಣಿನಲ್ಲಿ ಓದಿದರೆ ಎಲ್ಲವೂ ಬೇರೆಬೇರೆ ಅನ್ನಿಸುತ್ತದೆ, ಕೈಯಲ್ಲಿ ಬರೆದಾಗ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಯುತ್ತಿದ್ದೇವೆಂದು ಬೆರಳಿಗೆ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಹಿಟ್ಟು ಉಬ್ಬಿಸಲು ಇಷ್ಟು ಉಪಾಯ. ಹಿಟ್ಟು ಚೆನ್ನಾಗಿ ಹುಳಿ ಬರಲು ಹೀಗೆ ಮಾಡಿ. ಮೆತ್ತನೆಯ ದೋಸೆಗೆ ಅಕ್ಕಿ ಉದ್ದಿನ ಸರಿಯಾದ ಅಳತೆ. ನೀವು ಮಾಡುವ ತಪ್ಪುಗಳು. ಓವನ್ನಿನ ದೀಪ ಹಾಕಿ ಹಿಟ್ಟು ಉಬ್ಬಿಸುವುದು ಹೇಗೆ.

ಪ್ರತಿ ಸಾಲಿನ ಪಕ್ಕ ಎರಡು ಗುರುತು ಹಾಕಿದೆವು. ಇದು ಯಾರಿಗೆ ಹೇಳಿದ್ದು? ಯಾವಾಗ ಮಾಡಬೇಕಾದ್ದು? ಮೊದಲನೆಯದರಿಂದ ಹೆಚ್ಚೇನೂ ಸಿಗಲಿಲ್ಲ, ಹೊಸದಾಗಿ ಅಡುಗೆ ಕಲಿಯುವವರಿಗೆ ಎಂದೇ ಬಹುತೇಕ ಎಲ್ಲವೂ ಇದ್ದವು. ಎರಡನೆಯದರಲ್ಲಿ ಕಣ್ಣು ನಿಂತಿತು. ಎಲ್ಲ ಸಾಲಿನ ಪಕ್ಕವೂ "ನಿನ್ನೆ" ಎಂದು ಬರೆಯಬೇಕಾಯಿತು. ನೆನೆಸುವಾಗ, ರುಬ್ಬುವಾಗ, ರಾತ್ರಿ ಮುಚ್ಚಿಡುವಾಗ ಮಾಡಬೇಕಾದ ಕೆಲಸವನ್ನೇ ಎಲ್ಲರೂ ಹೇಳುತ್ತಿದ್ದರು. ಹುಡುಕಿದ ಮಾತಿನಲ್ಲಿ ಇದ್ದದ್ದು ಮಾತ್ರ "ಉಬ್ಬಿಲ್ಲ". ಆಗಿ ಹೋದ ಕೆಲಸ. ಬೆಳಗ್ಗೆ ಆರೂವರೆಗೆ ಪಾತ್ರೆಯ ಮುಚ್ಚಳ ತೆಗೆದು, ಹಿಟ್ಟು ರಾತ್ರಿ ಇಟ್ಟ ಗೆರೆಯಲ್ಲೇ ಕೂತಿರುವುದನ್ನು ಕಂಡವರ ಮಾತು ಅದು. ಮಕ್ಕಳ ಶಾಲೆಯ ಬಸ್ಸು ಎಂಟಕ್ಕೆ.

ಅತ್ತಿಗೆಗೆ ಥಟ್ಟನೆ ಹೊಳೆಯಿತು. "ಅಳಾಕತ್ತಾಕಿಗೆ ಉದ್ದು ಎಷ್ಟ್ ಹಾಕಬೇಕಿತ್ತು ಅಂತ ಹೇಳಿದ್ರ ಏನ್ ಉಪಯೋಗ?"

ಇಲ್ಲಿಗೇ ಎದ್ದು ಬರೆಯಲು ಹೋದವರು ಬಹಳ ಸಲ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ. ನಮಗೆ ಕಾಣುವ ಶೀರ್ಷಿಕೆ ಬರೆದವರು ಕೊಟ್ಟದ್ದೇ ಆಗಿರಬೇಕೆಂದಿಲ್ಲ. ಪುಟದೊಳಗಿನ ದೊಡ್ಡ ತಲೆಬರಹವನ್ನೋ ಬೇರೆ ಪುಟದವರು ಕೊಟ್ಟ ಕೊಂಡಿಯ ಮಾತನ್ನೋ ಎತ್ತಿ ಗೂಗಲ್ ಶೀರ್ಷಿಕೆಯನ್ನು ಬದಲಿಸಿ ತೋರಿಸುವುದುಂಟು. 2021ರ ಆಗಸ್ಟಿನಲ್ಲಿ ಅದು ಈ ಪದ್ಧತಿಯನ್ನು ಹೊಸದಾಗಿ ರೂಪಿಸಿದಾಗ ತಮ್ಮ ಶೀರ್ಷಿಕೆಗಳು ಬದಲಾದವೆಂದು ಎಷ್ಟೋ ಜನ ಗಲಾಟೆ ಮಾಡಿದ್ದರು. ಅದಕ್ಕೇ ಮೇಲಿನ ಮೂರು ನಾಲ್ಕು ಪುಟಗಳನ್ನು ತೆರೆದು ನೋಡಬೇಕು. ಶೀರ್ಷಿಕೆಯಲ್ಲಿ ಇಲ್ಲದ್ದು ಒಳಗೆ ಕೊನೆಯ ಪ್ಯಾರಾದಲ್ಲಿ ಇರಬಹುದು. ಹಾಗೇ ಆಯಿತು. ಒಂದು ಪುಟದ ತಳದಲ್ಲಿ, ಉಬ್ಬದಿದ್ದರೆ ಸೋಡಾ ಹಾಕಿ ಎಂದು ಒಂದೇ ಸಾಲಿತ್ತು. ಇದು ನಮಗೆ ಕೆಟ್ಟ ಸುದ್ದಿಯಲ್ಲ. ವಿಷಯ ಇದೆ, ಆದರೆ ಯಾರೂ ಅದನ್ನು ಬಾಗಿಲಿಗೆ ತಂದಿಲ್ಲ ಎಂದರ್ಥ.

ಇನ್ನೊಂದು ಅನುಮಾನ ಇದಕ್ಕಿಂತ ದೊಡ್ಡದು. ಜಾಗ ಖಾಲಿ ಇರುವುದು ಯಾರಿಗೂ ಹೊಳೆಯದ ಕಾರಣಕ್ಕೋ, ಯಾರಿಗೂ ಬೇಡದ ಕಾರಣಕ್ಕೋ? ದೋಸೆ ಹಿಟ್ಟಿನ ಇತಿಹಾಸದ ಬಗ್ಗೆಯೂ ಆ ಪುಟದಲ್ಲಿ ಯಾರೂ ಬರೆದಿರಲಿಲ್ಲ. ಅದು ಖಾಲಿಯೇ ಇರಲಿ. ಗುರುತಿಸುವುದಕ್ಕೆ ಪುಟದಲ್ಲೇ ದಾರಿಯಿದೆ. ಫಲಿತಾಂಶಗಳ ನಡುವೆ ಜನ ಕೇಳುವ ಇತರ ಪ್ರಶ್ನೆಗಳ ಪೆಟ್ಟಿಗೆ ಬರುತ್ತದಲ್ಲ, ಅದನ್ನು ಬಿಚ್ಚಬೇಕು. ಒಂದನ್ನು ಬಿಚ್ಚಿದರೆ ಕೆಳಗೆ ಇನ್ನೆರಡು ಮೂರು ಹುಟ್ಟಿಕೊಳ್ಳುತ್ತವೆ. ಕನ್ನಡದಲ್ಲಿ ಆ ಪೆಟ್ಟಿಗೆಯೇ ಬರಲಿಲ್ಲ. ಇಂಗ್ಲಿಷಿನಲ್ಲಿ `dosa batter not fermenting` ಎಂದು ಹುಡುಕಿದಾಗ ಬಂತು, ಅದರಲ್ಲಿ ಉಬ್ಬದ ಹಿಟ್ಟನ್ನು ಬಳಸಬಹುದೇ ಎಂಬ ಪ್ರಶ್ನೆ ಇತ್ತು. ದೋಸೆಯ ವಿಡಿಯೋಗಳ ಕೆಳಗಿನ ಪ್ರತಿಕ್ರಿಯೆಗಳಲ್ಲೂ ಅದೇ ಗೋಳು. ಕೇಳುವವರು ಇದ್ದಾರೆ ಎನ್ನುವುದಕ್ಕೆ ಇಷ್ಟು ಸಾಕು.

ಹಾಳೆಯ ಮೇಲೆ ಇನ್ನೊಂದು ಸಂಗತಿಯೂ ಕಂಡಿತು. ಮೊದಲ ಪುಟದಲ್ಲಿದ್ದವೆಲ್ಲ ಹಂತ ಹಂತವಾಗಿ ಮಾಡಿ ತೋರಿಸುವ ಬರಹ ಮತ್ತು ವಿಡಿಯೋಗಳು. ಆ ರೂಪವನ್ನು ಮಾತ್ರ ಬದಲಿಸಬಾರದು. ಈ ಮಾತನ್ನು ಹುಡುಕುವವರಿಗೆ ಏನು ಬೇಕೆಂದು ಗೂಗಲ್ ಮಾಡಿಕೊಂಡಿರುವ ಅಂದಾಜು ಅದು. ಅಲ್ಲಿ ಅಜ್ಜಿಯ ರುಬ್ಬುಗುಂಡಿನ ನೆನಪು ಬರೆದರೆ ಎಷ್ಟೇ ಚೆಂದವಿದ್ದರೂ ಆ ಪುಟಕ್ಕೆ ಏರುವುದು ಕಷ್ಟ. ರೂಪ ಎಲ್ಲರದ್ದೇ ಇರಲಿ, ಹೇಳುವ ಹೊತ್ತು ಮಾತ್ರ ನಮ್ಮದು.

ಶೀರ್ಷಿಕೆಗೆ ಅತ್ತಿಗೆಯ ಮೊದಲ ಯತ್ನ ಹೀಗಿತ್ತು: "ಬೆಳಗ್ಗೆ ಎದ್ದಾಗ ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬದೇ ಇದ್ದರೆ ಗಾಬರಿಯಾಗದೆ ಹೀಗೆ ಮಾಡಿ". ಫೋನಿನ ಪರದೆಯಲ್ಲಿ ಇದು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ. ಗೂಗಲ್ ಅಕ್ಷರ ಎಣಿಸುವುದಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ನಮ್ಮ ದುಂಡಕ್ಷರಗಳು ಹೆಚ್ಚು ಜಾಗ ತಿನ್ನುವುದರಿಂದ ಇಂಗ್ಲಿಷಿನವರಿಗೆ ಹೇಳಿದ ಲೆಕ್ಕ ನಮಗೆ ಹೊಂದುವುದಿಲ್ಲ. ಹುಡುಕಿದ ಮಾತು ಮೊದಲು ಬರಲಿ, ಹೊಸ ಮಾತು ಅದರ ಬೆನ್ನಿಗೇ ಬರಲಿ ಎಂದೆ. ಮೂರನೆಯ ಸಲಕ್ಕೆ ಬಂದದ್ದು: "ದೋಸೆ ಹಿಟ್ಟು ಉಬ್ಬಿಲ್ಲವೇ? ಅದರಿಂದಲೇ ಈಗ ತಿಂಡಿ".

"ಈಗ" ಎಂದು ಹೇಳಿದ ಮೇಲೆ ಬರಹವೂ ಈಗಿನಿಂದಲೇ ಶುರುವಾಗಬೇಕು. ಅವರು ಬರೆದಿದ್ದ ಉದ್ದಿನ ಗುಣಗಾನದ ಎರಡು ಪ್ಯಾರಾ ತೆಗೆಸಿದೆ. ಮೊದಲ ಸಾಲಿನಲ್ಲೇ ಹಿಟ್ಟನ್ನು ಮೂಸಿ ನೋಡಿ ಎಂದು ಬಂತು. ಕೆಟ್ಟ ವಾಸನೆಯೋ ಬಣ್ಣದ ಬೂಷ್ಟೋ ಇದ್ದರೆ ಚೆಲ್ಲಿ. ಬರೀ ಉಬ್ಬಿಲ್ಲ ಎಂದಾದರೆ ನೀರು ಬೆರೆಸಿ ತೆಳ್ಳಗೆ ಹುಯ್ಯಿರಿ, ಇಲ್ಲವೇ ಈರುಳ್ಳಿ, ಹಸಿಮೆಣಸಿನಕಾಯಿ, ಚಿಟಿಕೆ ಅಡುಗೆ ಸೋಡಾ ಹಾಕಿ ಪಡ್ಡಿನ ಹಂಚಿಗೆ ಹಾಕಿ. ಇಡ್ಲಿಯ ಆಸೆ ಬಿಡಿ, ಕಲ್ಲಾಗುತ್ತದೆ. ಉಳಿದ ಹಿಟ್ಟನ್ನು ಬೆಚ್ಚಗಿನ ಜಾಗದಲ್ಲಿಟ್ಟು ಸಂಜೆ ನೋಡಿ. ನಾಳೆಗೆ ಏನು ಮಾಡಬೇಕೆಂಬುದು, ಅಂದರೆ ಎಲ್ಲರೂ ಬರೆದದ್ದು, ಕೊನೆಗೆ ಬಂತು.

ಬರೆದು ಹಾಕಿದ ಮರುದಿನವೇ ಎಲ್ಲಿದೆ ಎಂದು ಹುಡುಕಲು ಕೂತರು. ಬೇಡವೆಂದೆ. ಗೂಗಲ್ ಬರೆಯುವವರಿಗಾಗಿ ಉಚಿತವಾಗಿ ಕೊಡುವ `Search Console` ಎಂಬ ಸಾಧನದಲ್ಲಿ ಯಾವ ಮಾತಿಗೆ ನಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು ಎಂಬ ಎರಡೂ ಲೆಕ್ಕ ಸಿಗುತ್ತದೆ. ನಾಲ್ಕು ವಾರ ಬಿಟ್ಟು ನೋಡಬೇಕು. ಕಾಣುವುದೇ ಕಡಿಮೆಯಿದ್ದರೆ ಅದು ಶೀರ್ಷಿಕೆಯೊಂದರ ತಪ್ಪಲ್ಲ, ಪುಟ ಇನ್ನೂ ಕೆಳಗೇ ಇದೆ. ಬೇಕಾದಷ್ಟು ಸಲ ಕಂಡು, ಮೇಲೆಯೂ ಇದ್ದು, ಯಾರೂ ಒತ್ತದಿದ್ದರೆ ನಮ್ಮ "ಈಗ" ಓದುಗರಿಗೆ ಬೇಡವಾಗಿತ್ತೆಂದು ಒಪ್ಪಿಕೊಂಡು ಹಾಳೆ ಮತ್ತೆ ತೆಗೆಯಬೇಕು.

ನಾಲ್ಕು ವಾರದ ಮೇಲೆ ಅತ್ತಿಗೆ ಆ ಪಟ್ಟಿಯ ಚಿತ್ರ ಕಳಿಸಿದರು. ಕಂಡದ್ದು ಸ್ವಲ್ಪವೇ, ಒತ್ತಿದವರು ಅದರಲ್ಲಿ ಸಾಕಷ್ಟು. ಮಜಾ ಇದ್ದದ್ದು ಕೆಳಗಿನ ಸಾಲುಗಳಲ್ಲಿ. ನಾವು ಯೋಚಿಸಿಯೇ ಇರದ ಮಾತುಗಳಿಗೂ ಆ ಪುಟ ಕಂಡಿತ್ತು. ಅದರಲ್ಲೊಂದು, "ಇಡ್ಲಿ ಹಿಟ್ಟು ಹೆಚ್ಚು ಹುಳಿ ಆಗಿದೆ". ಅದೂ ಆಗಿ ಹೋದ ಕೆಲಸವೇ. ಸಂಜೆ ಹಾಳೆ ಹಿಡಿದು ಕೂಡುತ್ತೇನೆ, ನೀವೂ ಫೋನ್ ಹಚ್ಚಿರಿ ಎಂದರು.