ಹವಾಮಾನವೂ ವಾಯುಗುಣವೂ

ಕಬಿನಿ ಅಣೆಕಟ್ಟೆಯ ಬಗಲಿನಲ್ಲಿರುವ ಬೀಚನಹಳ್ಳಿ ನನ್ನ ಊರು. 2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿ ನಾನೊಂದು ತಪ್ಪು ಮಾಡಿದೆ. ಬಿಸಿಲು ನೆತ್ತಿ ಸೀಳುತ್ತಿತ್ತು. ದೊಡ್ಡಪ್ಪ ಹೊಲದ ಬದುವಿನ ಮೇಲಿದ್ದ ಎರಡು ಹೊಂಗೆಮರಗಳನ್ನು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಸೌದೆಗೆಂದು ಕಡಿಸಲು ಹೊರಟಿದ್ದರು. ನಾನು ಅಡ್ಡಬಂದು, "ದೊಡ್ಡಪ್ಪ, ಭೂಮಿ ಕಾಯುತ್ತಾ ಇದೆ. ಈವತ್ತಿನ ಬಿಸಿಲು ನೋಡಿದರೆ ತಿಳಿಯೋಲ್ಲವೆ? ಇದ್ದ ನೆರಳನ್ನೂ ಕಳೆದುಕೊಳ್ಳೋದು ಬೇಡ" ಎಂದೆ. ಮೈಯೆಲ್ಲ ಬೆವತಿದ್ದ ದೊಡ್ಡಪ್ಪನಿಗೆ ಮಾತು ನಾಟಿತು. ಮರ ಉಳಿಯಿತು. ಭೂಗೋಳದ ವಿದ್ಯಾರ್ಥಿಯಾದದ್ದು ಸಾರ್ಥಕವಾಯಿತೆಂದು ನಾನು ಬೀಗಿದೆ.

ಚಳಿಗಾಲ ಬಂತು. ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ಒಂದು ಬೆಳಿಗ್ಗೆ ನಾಲೆಯ ಮೇಲೆ ಮಂಜು ಹಾಸಿತ್ತು. ಕೊಟ್ಟಿಗೆಯ ದನಗಳ ಉಸಿರು ಹೊಗೆಯಂತೆ ಏಳುತ್ತಿತ್ತು. ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತಿದ್ದ ದೊಡ್ಡಪ್ಪ ನನ್ನನ್ನು ಕಂಡು, "ಏನ್ಲಾ ಮಗ, ಭೂಮಿ ಕಾದೋಯ್ತದೆ ಅಂತಿದ್ಯಲ್ಲ, ಎಲ್ಲೋಯ್ತು ನಿನ್ನ ಕಾವು? ಸುಮ್ಕೆ ಮರ ಬಿಡಿಸ್ದೆ ನೋಡು" ಎಂದರು. ಸುತ್ತ ಕೂತವರೆಲ್ಲ ನಕ್ಕರು. ನನ್ನ ಬಾಯಿ ಕಟ್ಟಿತು. ಆ ಮೇಲೆ ಯೋಚಿಸಿದಾಗ ತಿಳಿದದ್ದು ಇಷ್ಟು: ದೊಡ್ಡಪ್ಪನ ತರ್ಕ ತಪ್ಪು, ಆದರೆ ಆ ತರ್ಕವನ್ನು ಅವರಿಗೆ ಕಲಿಸಿದವನು ನಾನೇ. ಒಂದು ಬಿಸಿಲ ದಿನ ಭೂಮಿ ಕಾಯುತ್ತಿರುವುದಕ್ಕೆ ಸಾಕ್ಷಿಯಾಗುವುದಾದರೆ, ಒಂದು ಚಳಿಯ ದಿನ ಕಾಯುತ್ತಿಲ್ಲವೆಂಬುದಕ್ಕೆ ಏಕೆ ಸಾಕ್ಷಿಯಾಗಬಾರದು?

ಅರ್ಧ ಗೊಂದಲ ನಮ್ಮ ಮಾತಿನಲ್ಲಿಯೇ ಇದೆ. ಇಂದು ಮಳೆಯೆ, ಬಿಸಿಲೆ, ಮೋಡವೆ, ಗಾಳಿ ಯಾವ ಕಡೆಯದು ಎಂಬುದು ಹವಾಮಾನ. ಒಂದು ಸೀಮೆಯಲ್ಲಿ ಬಹುಕಾಲ ನೋಡಿದ ಮೇಲೆ ಯಾವ ಋತುವಿನಲ್ಲಿ ಏನನ್ನು ನಿರೀಕ್ಷಿಸಬಹುದು, ಅದು ಎಷ್ಟರಮಟ್ಟಿಗೆ ಹೆಚ್ಚು ಕಡಮೆಯಾಗಬಹುದು ಎಂಬುದು ವಾಯುಗುಣ. ಪಠ್ಯಪುಸ್ತಕಗಳು ಈ ಎರಡು ಪದಗಳನ್ನು ಬೇರೆಯಾಗಿಯೇ ಇಟ್ಟಿವೆ. ನಮ್ಮ ವೃತ್ತಪತ್ರಿಕೆಗಳು ಮಾತ್ರ ವಾಯುಗುಣದ ಬದಲಾವಣೆಯನ್ನು 'ಹವಾಮಾನ ವೈಪರೀತ್ಯ' ಎಂದು ಬರೆಯುತ್ತವೆ. ಅಕಾಲದಲ್ಲಿ ಒಂದು ಆಲಿಕಲ್ಲಿನ ಮಳೆ ಬಿದ್ದರೂ ಅದೇ ಪದವನ್ನು ಬಳಸುತ್ತವೆ. ಎರಡಕ್ಕೂ ಒಂದೇ ಹೆಸರಾದ ಮೇಲೆ ದೊಡ್ಡಪ್ಪ ಎರಡನ್ನೂ ಒಂದೆಂದು ತಿಳಿದರೆ ಅವರನ್ನು ದೂರುವುದು ಹೇಗೆ?

ಪದ ಗೊತ್ತಿಲ್ಲದಿದ್ದರೂ ವಾಯುಗುಣವೆಂದರೇನೆಂದು ಅವರಿಗೆ ಗೊತ್ತು. ಶಿವರಾತ್ರಿಗೆ ಚಳಿ ಶಿವ ಶಿವಾ ಎನ್ನುತ್ತ ಹೋಗುತ್ತದೆ ಎಂದು ನಮ್ಮಲ್ಲಿ ಹೇಳುವುದುಂಟಷ್ಟೆ. ಇದು ಯಾವುದೋ ಒಂದು ವರ್ಷದ ಶಿವರಾತ್ರಿಯ ಮಾತಲ್ಲ. ಯಾವುದೋ ವರ್ಷ ಹಬ್ಬ ಕಳೆದು ವಾರವಾದರೂ ಚಳಿ ಬಿಡದಿದ್ದರೆ ಗಾದೆ ಸುಳ್ಳಾಯಿತೆಂದು ಯಾರೂ ಅದನ್ನು ಕೈಬಿಡುವುದಿಲ್ಲ. ಹಲವು ತಲೆಮಾರು ಕಂಡ ಹಬ್ಬಗಳ ಸರಾಸರಿ ಆ ಮಾತಿನಲ್ಲಿದೆ. ಹವಾಮಾನ ಇಲಾಖೆಯವರು ಮಾಡುವುದೂ ಅದನ್ನೇ, ಲೆಕ್ಕವಿಟ್ಟು. ಅವರು ಮೂವತ್ತು ವರ್ಷಗಳ ದಾಖಲೆಯನ್ನು ಕೂಡಿಸಿ ಒಂದು ಊರಿನ 'ವಾಡಿಕೆ'ಯ ಉಷ್ಣತೆಯನ್ನು ಗೊತ್ತುಮಾಡುತ್ತಾರೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಲೆಕ್ಕ. ಪತ್ರಿಕೆಯಲ್ಲಿ 'ವಾಡಿಕೆಗಿಂತ ಮೂರು ಡಿಗ್ರಿ ಕಡಮೆ' ಎಂದು ಬಂದರೆ ಅದರಲ್ಲಿ ಹವಾಮಾನ, ವಾಯುಗುಣ ಎರಡೂ ಇವೆ. ವಾಡಿಕೆ ಎಂಬುದು ವಾಯುಗುಣ, ಮೂರು ಡಿಗ್ರಿ ಎಂಬುದು ಆ ದಿನದ ಹವಾಮಾನ.

ಇನ್ನು ಜನವರಿಯ ಚಳಿ ಎಲ್ಲಿಂದ ಬರುತ್ತದೆ? ಹಗಲು ಕಾದ ನೆಲ ರಾತ್ರಿಯೆಲ್ಲ ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಆಕಾಶಕ್ಕೆ ಬಿಡುತ್ತಿರುತ್ತದೆ. ಗಾಳಿಯಲ್ಲಿರುವ ನೀರಾವಿಯೂ ಮೋಡವೂ ಆ ಶಾಖದಲ್ಲಿ ಬಹುಭಾಗವನ್ನು ಹೀರಿ, ಮತ್ತೆ ಕೆಳಕ್ಕೆ ಹಿಂತಿರುಗಿಸುತ್ತವೆ. ಆಷಾಢದ ಮೋಡಕವಿದ ರಾತ್ರಿಯಲ್ಲಿ ಉಷ್ಣತೆ ಹೆಚ್ಚು ಇಳಿಯದಿರುವುದು ಇದರಿಂದಲೇ. ನಾವು ಕಂಬಳಿ ಹೊದ್ದು ಮಲಗಿದ ಹಾಗೆ. ಜನವರಿಯಲ್ಲಿ ಈಶಾನ್ಯದ ಕಡೆಯಿಂದ ಒಣಗಾಳಿ ಬೀಸಿ ಆಕಾಶ ತಿಳಿಯಾದಾಗ ಈ ಕಂಬಳಿ ಸರಿಯುತ್ತದೆ. ರಾತ್ರಿಯೂ ಉದ್ದ. ಗಾಳಿ ನಿಂತರಂತೂ ತಣ್ಣಗಾದ ಗಾಳಿ ಭಾರವಾಗಿ ಹೊಳೆಯ ದಡ, ತಗ್ಗಿನ ಗದ್ದೆಗಳಲ್ಲಿ ಬಂದು ನಿಲ್ಲುತ್ತದೆ. ಆದ್ದರಿಂದ ಒಂದೇ ವಾರದಲ್ಲಿ, ಮೋಡವಿದ್ದ ರಾತ್ರಿಗೂ ಇಲ್ಲದ ರಾತ್ರಿಗೂ ಐದಾರು ಡಿಗ್ರಿ ವ್ಯತ್ಯಾಸ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಭೂಮಿ ಕಾಯುವುದಕ್ಕೆ ಕಾರಣವಾದ ಇಂಗಾಲದ ಡೈಆಕ್ಸೈಡೂ ಇದೇ ಬಗೆಯ ಕಂಬಳಿಯೇ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 315 ಪಾಲಿತ್ತು. ಈಗ 420ನ್ನು ದಾಟಿದೆ. ನೀರಾವಿ ಕೆಲವು ದಿನಗಳಲ್ಲಿ ಮಳೆಯಾಗಿ ಇಳಿದುಹೋಗುತ್ತದೆ, ಮತ್ತೆ ಬರುತ್ತದೆ. ಇದು ಹಾಗೆ ಬೇಗ ಇಳಿಯುವುದಲ್ಲ. ಚಳಿಗಾಲ ಬೇಸಗೆಗಳೆನ್ನದೆ ಉಳಿದು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುತ್ತದೆ. ಆದರೆ ಇದುವರೆಗೆ ಅದರಿಂದಾದ ಏರಿಕೆ ಎಷ್ಟು? 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಐದಾರು ಡಿಗ್ರಿಗಳ ಜೋಕಾಲಿಯಲ್ಲಿ ಈ ಒಂದು ಡಿಗ್ರಿಗೂ ಕಡಮೆಯ ಏರಿಕೆಯನ್ನು ಯಾರ ಚರ್ಮವೂ ಒಂದು ಬೆಳಿಗ್ಗೆಯಲ್ಲಿ ಗುರುತಿಸಲಾರದು.

ನಮ್ಮ ಅಣೆಕಟ್ಟೆಯ ನೀರನ್ನೇ ನೋಡಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಮುಂಗಾರಿನಲ್ಲಿ ನೀರು ಏರುತ್ತಿರುವಾಗ ಗಾಳಿಗೆ ಅಲೆ ಏಳುತ್ತದೆ. ಗೋಡೆಗೆ ಬಡಿದ ಒಂದು ಅಲೆ ಹಿಂದೆ ಸರಿದ ಕ್ಷಣದಲ್ಲಿ ಇಣಿಕಿ, 'ನೀರು ಇಳಿಯಿತು' ಎಂದು ಯಾರೂ ನಾಲೆಯ ತೂಬು ಮುಚ್ಚಿಸುವುದಿಲ್ಲ. ಅಲೆಗಳ ಏರಿಳಿತದ ನಡುಮಟ್ಟವನ್ನು ಗುರುತಿಸಿ, ನಿನ್ನೆಯದು, ಮೊನ್ನೆಯದು ನೋಡಿ ಹೇಳುತ್ತಾರೆ.

ಆದರೆ ಅಲೆ ಎಷ್ಟು ತಗ್ಗಿಗೆ ಇಳಿಯಬಲ್ಲುದು ಎಂಬುದು ನೀರಿನ ಮಟ್ಟವನ್ನು ಅವಲಂಬಿಸಿದೆಯಲ್ಲವೆ? ಇದನ್ನು ಒಂದು ಲೆಕ್ಕದಿಂದ ನೋಡೋಣ. ಈ ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ಯಾವ ಊರಿನ ದಾಖಲೆಯೂ ಅಲ್ಲ. ಒಂದು ಊರಿನಲ್ಲಿ ಜನವರಿ ಬೆಳಗಿನ ಕನಿಷ್ಠ ಉಷ್ಣತೆ ಸರಾಸರಿ 16 ಡಿಗ್ರಿ. ಮೂರು ದಿನಗಳಲ್ಲಿ ಎರಡು ದಿನ ಅದು 14ಕ್ಕೂ 18ಕ್ಕೂ ನಡುವೆ ಇರುತ್ತದೆ ಎನ್ನೋಣ. ಮೂವತ್ತು ಜನವರಿಗಳಿಗೆ 930 ಬೆಳಗುಗಳಾದವು. ಸಂಖ್ಯಾಶಾಸ್ತ್ರದ ಸಾಮಾನ್ಯ ಹಂಚಿಕೆಯಂತೆ ಇವುಗಳಲ್ಲಿ 12 ಡಿಗ್ರಿಗೂ ಕೆಳಗಿಳಿಯುವ ಬೆಳಗುಗಳು ಸುಮಾರು 21. 20 ಡಿಗ್ರಿಯನ್ನು ಮೀರುವವೂ ಸುಮಾರು 21. ಈಗ ಸರಾಸರಿ ಒಂದೇ ಒಂದು ಡಿಗ್ರಿ ಏರಿ 17 ಆಯಿತೆನ್ನಿ, ಏರಿಳಿತ ಮೊದಲಿನಂತೆಯೇ ಇರಲಿ. ಮುಂದಿನ ಮೂವತ್ತು ಜನವರಿಗಳಲ್ಲಿ 12ಕ್ಕಿಂತ ಕೆಳಗಿನ ಬೆಳಗುಗಳು ಸುಮಾರು 6ಕ್ಕೆ ಇಳಿಯುತ್ತವೆ. 20ನ್ನು ಮೀರುವವು ಸುಮಾರು 62ಕ್ಕೆ ಏರುತ್ತವೆ.

ಈ ಲೆಕ್ಕವನ್ನು ಮೊದಲು ಮಾಡಿದಾಗ ನಾನು ತಪ್ಪಿದೆನೆಂದು ಎರಡು ಸಲ ಕೂಡಿದೆ. ಚರ್ಮಕ್ಕೆ ತಿಳಿಯದ ಒಂದು ಡಿಗ್ರಿ ಅಂಚಿನ ದಿನಗಳ ಎಣಿಕೆಯನ್ನು ಇಷ್ಟು ಪಲ್ಲಟಗೊಳಿಸುತ್ತದೆ. ಹಾಗಾದರೂ ಚಳಿಯ ಆರು ಬೆಳಗುಗಳು ಉಳಿದೇ ಇವೆ. ಅವುಗಳಲ್ಲಿ ಒಂದರಂದು ದೊಡ್ಡಪ್ಪ ಕಂಬಳಿ ಹೊದ್ದು ಕೂತಿದ್ದರೆ ಅವರ ಚಳಿ ನಿಜ, ಭೂಮಿ ಕಾಯುತ್ತಿರುವುದೂ ನಿಜ. ಕೇಳಬೇಕಾದ ಪ್ರಶ್ನೆ, ಚಳಿಯ ದಿನ ಬಂತೆ ಎಂಬುದಲ್ಲ. ಅಂಥವು ಎಷ್ಟು ಬಂದವು, ಮೊದಲು ಎಷ್ಟು ಬರುತ್ತಿದ್ದವು ಎಂಬುದು. ಅಮೆರಿಕ ದೇಶದಲ್ಲಿ ಹೀಗೆ ಎಣಿಸಿದ್ದಾರೆ. 2000ರ ದಶಕದಲ್ಲಿ ಅಲ್ಲಿ ಶಾಖದ ಹೊಸ ದಾಖಲೆ ಎರಡಾದರೆ ಚಳಿಯದು ಒಂದು ಎಂಬಷ್ಟು ಅಂತರ ಕಂಡಿತು. ಚಳಿಯ ದಾಖಲೆಗಳು ನಿಲ್ಲಲಿಲ್ಲ, ಹಿಂದೆ ಬಿದ್ದವು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. 2012ರ ಜನವರಿ 16ರಂದು, ಸಂಕ್ರಾಂತಿಯ ಎಳ್ಳು ಬೆಲ್ಲ ಬಾಯಲ್ಲಿರುವಾಗಲೇ, ಮೈಸೂರಿನಲ್ಲಿ 7.7 ಡಿಗ್ರಿ ದಾಖಲಾಯಿತು. ಆ ಊರು ಕಂಡ ಅತ್ಯಂತ ತಣ್ಣನೆಯ ಬೆಳಗುಗಳಲ್ಲಿ ಅದೂ ಒಂದು. ಬೆಂಗಳೂರು 1884ರ ಜನವರಿ 13ರಂದು ಕಂಡ 7.8 ಡಿಗ್ರಿಯ ಸಮಕ್ಕೆ ಬರುವ ಚಳಿ. ಅಂದು ಮೈಸೂರಿನ ಯಾರಾದರೂ ಭೂಮಿ ತಣ್ಣಗಾಗುತ್ತಿದೆ ಎಂದಿದ್ದರೆ ಇಲ್ಲವೆನ್ನುವುದು ಕಷ್ಟವಾಗುತ್ತಿತ್ತು. ವರ್ಷ ಮುಗಿದ ಮೇಲೆ ವಿಶ್ವ ಹವಾಮಾನ ಸಂಸ್ಥೆ ನೆಲ ಜಲಗಳನ್ನೆಲ್ಲ ಸೇರಿಸಿ ಲೆಕ್ಕಹಾಕಿದಾಗ, 1850ರಿಂದ ಅಲ್ಲಿಯವರೆಗಿನ ಅತಿ ಬಿಸಿಯ ಹತ್ತು ವರ್ಷಗಳಲ್ಲಿ 2012 ಕೂಡ ಸೇರಿತ್ತು. ಮೈಸೂರಿನ ಒಂದು ಬೆಳಗು ಎಲ್ಲಿ, ಇಡೀ ಭೂಮಂಡಲದ 366 ದಿನಗಳೆಲ್ಲಿ! ಆ ಮೇಲಿನ ವರ್ಷಗಳು ಇನ್ನೂ ಬಿಸಿಯಾದವು. 2024ರಲ್ಲಿ ಜಗತ್ತಿನ ಸರಾಸರಿ, 1850–1900ರ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು.

ಅಳೆಯುವಲ್ಲಿಯೂ ಮೋಸಹೋಗುವ ದಾರಿಗಳಿವೆ. ವೀಕ್ಷಣಾಲಯದ ಉಷ್ಣಮಾಪಕ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಪಟ್ಟಿಗಳ ಬಿಳಿಯ ಮರದ ಪೆಟ್ಟಿಗೆಯೊಳಗೆ ಇರುತ್ತದೆ. ಅದೇ ರಾತ್ರಿ ಹುಲ್ಲಿನ ಮಟ್ಟದಲ್ಲಿ ಕೆಲವು ಡಿಗ್ರಿ ಕಡಮೆಯಿರುವುದು ಸಹಜ. ಬರಿಗಾಲಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆದವನ ಚಳಿಗೂ ಪತ್ರಿಕೆಯ ಅಂಕಿಗೂ ತಾಳೆಯಾಗುವುದಿಲ್ಲ. ಇನ್ನು ಊರು ಬೆಳೆದು ವೀಕ್ಷಣಾಲಯದ ಸುತ್ತ ಕಾಂಕ್ರೀಟು ತುಂಬಿದರೆ ಅಲ್ಲಿಯ ರಾತ್ರಿಗಳು ತಾವಾಗಿಯೇ ಬೆಚ್ಚಗಾಗುತ್ತವೆ. ಆದ್ದರಿಂದಲೇ ಒಂದು ಪೇಟೆಯ ದಾಖಲೆಯನ್ನು ನಂಬದೆ ಹಳ್ಳಿ, ಕಾಡು, ಸಮುದ್ರಗಳ ಅಳತೆಗಳನ್ನೂ ಕೂಡಿಸಿ ನೋಡುವುದು. ಸಾಗರಗಳ ನಡುವೆ ಕಾಂಕ್ರೀಟಿಲ್ಲ, ಅವೂ ಬಿಸಿಯಾಗಿವೆ.

ಈ ಲೆಕ್ಕದ ಹಾಳೆಯನ್ನು ಹಿಡಿದು ಶಿವರಾತ್ರಿಯ ರಜದಲ್ಲಿ ಊರಿಗೆ ಹೋದೆ. ಏಪ್ರಿಲಿನ ಬಿಸಿಲು ತೋರಿಸಿ ನಾನಾಡಿದ ಮಾತು ತಪ್ಪೆಂದು ಮೊದಲು ಒಪ್ಪಿಕೊಂಡೆ. ಅಲೆಯ ಮಾತಿಗೆ ದೊಡ್ಡಪ್ಪ ತಲೆದೂಗಿದರು. 930ರ ಲೆಕ್ಕ ಅಷ್ಟಾಗಿ ಹಿಡಿಸಲಿಲ್ಲ. "ಹಂಗಾದ್ರೆ ಗ್ಯಾರಂಟಿ ಗೊತ್ತಾಗ್ಬೇಕಾದ್ರೆ ಎಷ್ಟ್ ವರ್ಸ ಬರೀಬೇಕ್ಲಾ?" ಎಂದರು. ಮೂವತ್ತು ಎಂದೆ. "ಅಷ್ಟೊತ್ಗೆ ನಾನೆಲ್ಲಿರ್ತೀನಿ? ನೀನೇ ಬರ್ದಿಡು" ಎಂದು ಎದ್ದು, ಕೊಡಲಿಯನ್ನು ಅಟ್ಟಕ್ಕೆ ಸಿಕ್ಕಿಸಿ ದನ ಬಿಡಲು ಹೋದರು. ಸೌದೆಯ ಮಾತು ಆ ದಿನ ಮತ್ತೆ ಬರಲಿಲ್ಲ.