ಫೋಟೋದಲ್ಲಿ ಬಂದ ಕ್ರೋಶಾ ತುಂಡಿಗೆ ಹಿಮ್ಮಾಹಿತಿ ಬರೆಯುವುದು

ಕಾರ್ಯಾನುಭವದ ಅವಧಿಯಲ್ಲಿ ಕ್ರೋಶಾ ಕಲಿಸಿದ ಮೇಲೆ ಮಕ್ಕಳು ಮನೆಯಲ್ಲಿ ಹೆಣೆದದ್ದನ್ನು ಫೋಟೋ ತೆಗೆದು ಕಳಿಸುವುದು ಈಗ ರೂಢಿಯಾಗಿದೆ. ಅದಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಉತ್ತರ ಸಾಮಾನ್ಯವಾಗಿ ‘ಚೆನ್ನಾಗಿದೆ, ಅಂಚು ನೇರ ಬರಲಿ, ಸ್ವಲ್ಪ ಸಡಿಲವಾಗಿ ಹೆಣೆ’ ಎಂಬಷ್ಟೇ. ಅಂಚು ಡೊಂಕಾಗಿದೆ ಎಂಬುದು ಹೆಣೆದವಳಿಗೂ ಕಾಣುತ್ತದೆ. ಅವಳಿಗೆ ತಿಳಿಯದಿರುವುದು ಎಲ್ಲಿ, ಯಾವ ಕ್ಷಣದಲ್ಲಿ ಅದು ಡೊಂಕಾಯಿತು ಎಂಬುದು. ಬೋಧನಾಭ್ಯಾಸದಲ್ಲಿ ನನಗೆ ಬಂದ ಒಂದು ಫೋಟೋವನ್ನು ಇಟ್ಟುಕೊಂಡು ಅದನ್ನು ಓದುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಎಂಟನೆಯ ತರಗತಿಯ ಹುಡುಗಿ. ಸಾಧಾರಣ ದಪ್ಪದ ಅಕ್ರಿಲಿಕ್ ಉಲ್ಲನ್, 3.5 ಮಿ.ಮೀ. ಕಡ್ಡಿ. ಡಬಲ್ ಕ್ರೋಶಾದಲ್ಲಿ 15 ಹೆಣಿಗೆಯ ಚೌಕ ಮಾಡಬೇಕಿತ್ತು. ಎಂಟು ಸಾಲು ಆಗಿತ್ತು. ಫೋಟೋದ ಕೆಳಗೆ ಒಂದೇ ಪ್ರಶ್ನೆ: “ಮಿಸ್, ಎಲ್ಲಾ ಬಿಚ್ಚಿಬಿಡ್ಲಾ?” ಮೊದಲೇ ಎರಡು ಸಲ ಬಿಚ್ಚಿದ್ದಳು. ಅಕ್ರಿಲಿಕ್ ದಾರವನ್ನು ಪದೇಪದೇ ಬಿಚ್ಚಿ ಹೆಣೆದರೆ ಅದು ಜುಂಗೇಳುತ್ತದೆ, ಎಳೆ ಬಿಡುತ್ತದೆ, ಮುಂದಿನ ಹೆಣಿಗೆ ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ಬಿಚ್ಚು ಎನ್ನುವುದಾದರೆ ಅದಕ್ಕೆ ಕಾರಣ ಬೇಕು.

ಮೊದಲು ಫೋಟೋವನ್ನೇ ಅನುಮಾನಿಸಬೇಕು. ಫೋನನ್ನು ಓರೆಯಾಗಿ ಹಿಡಿದರೆ ದೂರದ ಅಂಚು ಚಿಕ್ಕದಾಗಿ ಕಾಣುತ್ತದೆ; ಸರಿಯಾದ ಚೌಕವೂ ಮೇಲೆ ಕಿರಿದಾದಂತೆ ತೋರುತ್ತದೆ. (ವಿಜ್ಞಾನ ಓದಿದವರು ಇದನ್ನು ಮರೆಯಬಾರದು!) ಆದ್ದರಿಂದ ತುಂಡನ್ನು ಎಳೆಯದೆ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲು ಇಟ್ಟು, ನೇರ ಮೇಲಿನಿಂದ ಇನ್ನೊಂದು ಫೋಟೋ ತೆಗೆಯಲು ಹೇಳಿದೆ. ಎರಡನೆಯ ಫೋಟೋದಲ್ಲಿ ಕೆಳಗಿನ ಚೈನ್ ಅಂಚು 8 ಸೆಂ.ಮೀ., ಎರಡನೆಯ ಸಾಲು 9.5 ಸೆಂ.ಮೀ., ಎಂಟನೆಯ ಸಾಲು 7.5 ಸೆಂ.ಮೀ. ಇತ್ತು. ಅಂದರೆ ತುಂಡು ಕೆಳಗೂ ಕಿರಿದು, ಮೇಲೂ ಕಿರಿದು.

ಈ ಎರಡು ಕಿರಿದುಗಳಿಗೆ ಒಂದೇ ಕಾರಣ ಅಲ್ಲ. ಅದನ್ನು ಬೇರ್ಪಡಿಸಲು ಎಣಿಸಬೇಕು. ಡಬಲ್ ಕ್ರೋಶಾದ ಒಂದೊಂದು ಹೆಣಿಗೆಯೂ ಕಂಬದಂತೆ ನಿಲ್ಲುವುದರಿಂದ ಫೋಟೋವನ್ನು ಹಿಗ್ಗಿಸಿದರೆ ಕಂಬಗಳನ್ನು ಲೆಕ್ಕಹಾಕಬಹುದು. ಸಾಲಿನ ಆರಂಭದ ಮೂರು ಚೈನ್‌ಗಳನ್ನು ಒಂದು ಕಂಬವೆಂದು ಹಿಡಿಯಬೇಕು. ಎಂಟು ಸಾಲುಗಳ ಎಣಿಕೆ ಕ್ರಮವಾಗಿ 15, 15, 14, 14, 13, 14, 13, 12 ಬಂತು.

ಮೊದಲೆರಡು ಸಾಲಿನಲ್ಲಿ ಎಣಿಕೆ ಸರಿಯಿದೆ, ಆದರೂ ಕೆಳಗಿನ ಅಂಚು ಒಳಕ್ಕೆ ಎಳೆದಿದೆ. ಎಣಿಕೆ ಸರಿಯಿದ್ದು ಅಗಲ ಮಾತ್ರ ಕುಗ್ಗಿದ್ದರೆ ಅದು ಬಿಗಿತದ ದೋಷ: ಆರಂಭದ ಚೈನ್ ಬಿಗಿಯಾಗಿದೆ. ಮೇಲೆ ಹೋದಂತೆ ಎಣಿಕೆಯೇ ಇಳಿದಿದೆ. ಅದು ಅಂಚಿನ ದೋಷ.

ಅಂಚಿನಲ್ಲಿ ಆದದ್ದೇನು? 15ರ ಸಾಲು ಮುಗಿಸಿ ತಿರುಗಿದಾಗ ಮೂರು ಚೈನ್ ಹಾಕುತ್ತೇವೆ; ಅದು ಮೊದಲ ಕಂಬ. ಅದರ ಬುಡದ ಹೆಣಿಗೆಯನ್ನು ಬಿಟ್ಟು ಮುಂದಿನ 13 ಕಂಬಗಳ ತಲೆಯಲ್ಲಿ 13 ಹೆಣೆದರೆ 14 ಆಯಿತು. ಹದಿನೈದನೆಯದು ಹಿಂದಿನ ಸಾಲಿನ ಮೂರು ಚೈನ್‌ನ ತುದಿಯಲ್ಲಿ ಬರಬೇಕು. ಅದು ಕಂಬದ ತಲೆಯಂತೆ ಕಾಣುವುದಿಲ್ಲ, ಆದ್ದರಿಂದ ಹೊಸಬರು ಸಾಲು ಮುಗಿಯಿತೆಂದು ತಿರುಗಿಬಿಡುತ್ತಾರೆ. ಹಾಗೆ ಬಿಟ್ಟುಹೋದ ಚೈನ್ ಅಂಚಿನಲ್ಲಿ ಪುಟ್ಟ ಹಲ್ಲಿನಂತೆ ಹೊರಗೆ ಚಾಚಿರುತ್ತದೆ. ಈ ಫೋಟೋದಲ್ಲಿ ಅಂಥ ಹಲ್ಲುಗಳು ಎಡಗಡೆ ಮೂರು, ಬಲಗಡೆ ಒಂದು ಇದ್ದವು. ಆರನೆಯ ಸಾಲಿನಲ್ಲಿ ಎಣಿಕೆ ಒಂದು ಏರಿದ್ದಕ್ಕೆ ಕಾರಣ ಬೇರೆ: ಅಲ್ಲಿ ಮೂರು ಚೈನ್‌ನ ಬುಡದಲ್ಲೇ ಇನ್ನೊಂದು ಕಂಬ ಎದ್ದಿತ್ತು. ಒಂದೇ ಬುಡದಿಂದ ಕವೆಯಂತೆ ಎರಡು ಹೊರಟಿರುವುದು ಹಿಗ್ಗಿಸಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ನಾಲ್ಕು ಇಳಿದು ಒಂದು ಏರಿದರೆ 12. ಲೆಕ್ಕ ಕೂಡಿತು.

ಈಗ ಹೇಳುವುದೇನು, ಮೊದಲು ಯಾವುದನ್ನು? ಎರಡನ್ನೂ ಒಟ್ಟಿಗೆ ಹೇಳಿದರೆ ಮಗು ಅಂಚನ್ನೇ ನೋಡುತ್ತದೆ, ಏಕೆಂದರೆ ಅದು ಕಣ್ಣಿಗೆ ಹೊಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಬಿಗಿತ. ಬಿಗಿಯಾಗಿ ಹಾಕಿದ ಮೂರು ಚೈನ್ ಮುದುಡಿ ಪಕ್ಕಕ್ಕೆ ಬಾಗುತ್ತದೆ, ತುದಿಯ ಕುಣಿಕೆ ಮುಚ್ಚಿಹೋಗುತ್ತದೆ, ಕಡ್ಡಿ ಒಳಗೆ ಹೋಗುವುದೇ ಇಲ್ಲ. ಕಾಣದ, ತೂರದ ಜಾಗದಲ್ಲಿ ಹೆಣೆ ಎಂದು ಹೇಳಿ ಪ್ರಯೋಜನವಿಲ್ಲ.

ಬಿಗಿತಕ್ಕೆ ಕಾರಣ ಫೋಟೋದಲ್ಲಿ ಸಿಗುವುದಿಲ್ಲ, ಕೈ ಅದರಲ್ಲಿಲ್ಲ. ಕೇಳಿಯೇ ತಿಳಿಯಬೇಕು. ನಾನು ಕೇಳಿದ್ದು ಎರಡು: ಕುಣಿಕೆ ಕಡ್ಡಿಯ ಯಾವ ಭಾಗದಲ್ಲಿ ಕೂತಿರುತ್ತದೆ, ಪ್ರತಿ ಹೆಣಿಗೆಯ ನಂತರ ದಾರ ಎಳೆಯುತ್ತೀಯಾ? ಕೊಕ್ಕೆಯ ಕೆಳಗೆ ಕಡ್ಡಿಯ ಕತ್ತು ಸಣ್ಣಗಿರುತ್ತದೆ, ಅದರ ಕೆಳಗೆ ಪೂರ್ಣ ದಪ್ಪ ಬರುತ್ತದೆ. ಕಡ್ಡಿಯ ಮೇಲೆ ಅಚ್ಚಾಗಿರುವ 3.5 ಈ ದಪ್ಪದ್ದು. ಕುಣಿಕೆ ಕತ್ತಿನಲ್ಲೇ ಉಳಿದರೆ ಅದು ಕತ್ತಿನ ಅಳತೆಗೇ ಸಣ್ಣದಾಗುತ್ತದೆ; ಆಗ ದಪ್ಪ ಕಡ್ಡಿ ಕೊಟ್ಟರೂ ಅರ್ಧ ಪ್ರಯೋಜನವಷ್ಟೇ. “ಕೊಕ್ಕೆ ಹತ್ರಾನೇ ಇರುತ್ತೆ ಮಿಸ್, ಜಾರಿಹೋಗುತ್ತೆ ಅಂತ ಎಳೀತೀನಿ” ಎಂಬ ಉತ್ತರ ಬಂತು.

ಅವಳಿಗೆ ಬರೆದದ್ದು ಇಷ್ಟು: “ಬಿಚ್ಚಬೇಡ, ಇದನ್ನು ಹಾಗೇ ಇಟ್ಟುಕೋ. ನಿನ್ನ ಮೊದಲೆರಡು ಸಾಲಿನಲ್ಲಿ ಹದಿನೈದೂ ಸರಿಯಾಗಿವೆ. ಮೂರನೇ ಸಾಲಿನ ಕೊನೆಯಲ್ಲಿ ಒಂದು ಬಿಟ್ಟುಹೋಗಿದೆ. ಎಡಗಡೆ ಹಲ್ಲಿನ ಹಾಗೆ ಚಾಚಿದೆಯಲ್ಲ, ಅದೇ. ಹೊಸದಾಗಿ 12 ಚೈನ್ ಹಾಕು. ಕೊಕ್ಕೆಯಿಂದ ನಾಲ್ಕನೇ ಚೈನ್‌ನಲ್ಲಿ ಶುರುಮಾಡಿದರೆ 10 ಬರುತ್ತದೆ. ಪ್ರತಿ ಸಲ ಕುಣಿಕೆಯನ್ನು ಕಡ್ಡಿಯ ದಪ್ಪ ಭಾಗಕ್ಕೆ ಜಾರಿಸಿ ಆಮೇಲೆ ಮುಂದಿನದು ಹೆಣೆ. ದಾರ ಎಳೆಯಬೇಡ. ಮೂರು ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸು. ವಾಪಸ್ ಬಂದಾಗ ಕೊನೆಯ ಹೆಣಿಗೆ ಅಲ್ಲಿಗೇ. ಆರು ಸಾಲು ಸಾಕು.”

ಇಸ್ತ್ರಿ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಸಹಪಾಠಿಗಳಿಂದ ಕೇಳಿದ್ದೇನೆ. ಬಿಸಿ ಇಸ್ತ್ರಿಗೆ ಅಕ್ರಿಲಿಕ್ ಕರಗಿ ಚಪ್ಪಟೆಯಾಗುತ್ತದೆ. ಇಲ್ಲದ ಮೂರು ಕಂಬ ಮಾತ್ರ ಬರುವುದಿಲ್ಲ. ಸುತ್ತಲೂ ಬಾರ್ಡರ್ ಹೆಣೆದು ಡೊಂಕು ಮುಚ್ಚುವುದು ವಸ್ತು ಮುಗಿಸುವಾಗ ಸರಿ, ಕಲಿಯುವಾಗ ಅಲ್ಲ. ಇನ್ನೊಂದು ಎಚ್ಚರ: ಅಮೆರಿಕದವರ ಸಿಂಗಲ್ ಕ್ರೋಶಾವನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ. ಮಗು ವಿಡಿಯೋ ನೋಡಿ ಕಲಿತಿದ್ದರೆ ಯಾವ ಪದ್ಧತಿ ಎಂದು ಕೇಳಿಕೊಳ್ಳಿ, ಏಕೆಂದರೆ ತಿರುಗುವಾಗ ಹಾಕುವ ಚೈನ್‌ಗಳ ಸಂಖ್ಯೆಯೇ ಬದಲಾಗುತ್ತದೆ. ನಾನು ಇಲ್ಲಿ ಅಮೆರಿಕದ ಹೆಸರನ್ನು ಬಳಸಿದ್ದೇನೆ.

ನಾಲ್ಕು ದಿನದ ನಂತರ ಹೊಸ ತುಂಡಿನ ಫೋಟೋ ಬಂತು, ಈ ಸಲ ಹೇಳದೆಯೇ ಸ್ಕೇಲಿನೊಂದಿಗೆ. ಎಣಿಕೆ 10, 10, 10, 10, 9, 10. ಕಂಬಗಳ ನಡುವೆ ಸಣ್ಣ ಸಂದು ಕಾಣುತ್ತಿತ್ತು, ಅಂದರೆ ಹೆಣಿಗೆ ಸಡಿಲವಾಗಿದೆ. ಆರಂಭದ ಚೈನ್ ಮಾತ್ರ ಇನ್ನೂ ಬಿಗಿ, ಅದೊಂದನ್ನು 4.5 ಮಿ.ಮೀ. ಕಡ್ಡಿಯಲ್ಲಿ ಹಾಕಿ, ಮೊದಲ ಸಾಲಿನಿಂದ 3.5ಕ್ಕೆ ಬದಲಿಸಲು ಹೇಳಿದೆ. ಐದನೆಯ ಸಾಲಿನ 9ರ ಬಗ್ಗೆ ನಾನು ಏನೂ ಬರೆಯಲಿಲ್ಲ. ಫೋಟೋದ ಜೊತೆಗೇ ಅವಳು ಬರೆದಿದ್ದಳು: “ಐದರಲ್ಲಿ ಬಣ್ಣದ ದಾರ ಹಾಕೋದು ಮರೆತೆ ಮಿಸ್, ಆರರಲ್ಲಿ ಒಂದು ಜಾಸ್ತಿ ಹಾಕಿ ಸರಿ ಮಾಡ್ಕೊಂಡೆ.”